ಮಗುವನ್ನು ಮಲಗಿಸಿ ಅಳೆಯುವುದೇಕೆ, ನಿಲ್ಲಿಸಿ ಅಳೆಯುವುದೇಕೆ?

ಮೊನ್ನೆ ಸಾಯಂಕಾಲ ನೆರೆಮನೆಯ ವೃದ್ಧೆಯೊಬ್ಬರು ಅಂಗನವಾಡಿಯಲ್ಲಿ ಕೊಟ್ಟ ಮೊಮ್ಮಗಳ ಚೀಟಿಯೊಂದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಮುಖದಲ್ಲಿ ಕಳವಳ ಎದ್ದು ಕಾಣುತ್ತಿತ್ತು. “ಮೇಷ್ಟ್ರೇ, ನೀವು ಓದಿದವರು. ಇದನ್ನು ಸ್ವಲ್ಪ ನೋಡಿ ಹೇಳಿ. ಮಗು ಹೊಟ್ಟೆ ತುಂಬ ಉಣ್ಣುತ್ತದೆ, ಮನೆಯೆಲ್ಲ ಓಡಾಡುತ್ತದೆ. ಆದರೂ ಒಂದು ತಿಂಗಳಿಂದ ಬೆಳೆದೇ ಇಲ್ಲವಂತಲ್ಲ!” ಎಂದರು. ಚೀಟಿಯನ್ನು ನೋಡಿದೆವು. ಇಪ್ಪತ್ತಮೂರು ತಿಂಗಳು ತುಂಬಿದ ದಿನ ಮಗುವಿನ ಅಳತೆ ೮೫.೫ ಸೆಂಟಿಮೀಟರು, ಇಪ್ಪತ್ತನಾಲ್ಕು ತುಂಬಿದ ದಿನ ೮೫.೭. ಮೂವತ್ತು ದಿನಗಳಲ್ಲಿ ಬೆಳೆದದ್ದು ಎರಡು ಮಿಲಿಮೀಟರು ಮಾತ್ರ. ಮೂರು ನಾಲ್ಕು ಬೆಂಕಿಪೊಟ್ಟಣದ ರಟ್ಟುಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟು ದಪ್ಪವೋ ಅಷ್ಟು. ಅಜ್ಜಿಯ ಕಳವಳ ಅಕಾರಣವೆಂದು ಹೇಳುವಂತಿರಲಿಲ್ಲ.

ಆದರೆ ಅಳೆದವರು ತಪ್ಪು ಮಾಡಿರಲಿಲ್ಲ, ಮಗುವಿನಲ್ಲಿಯೂ ದೋಷವಿರಲಿಲ್ಲ. ಮೊದಲನೆಯ ಸಲ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಅಳೆದಿದ್ದರು. ಎರಡನೆಯ ಸಲ, ಎರಡು ವರ್ಷ ತುಂಬಿತೆಂದು, ಗೋಡೆಗೆ ನಿಲ್ಲಿಸಿದ ಅಳತೆಗೋಲಿಗೆ ಒರಗಿಸಿ ಅಳೆದಿದ್ದರು. ಮೊದಲಿನದು ಮಗುವಿನ ಉದ್ದ, ಎರಡನೆಯದು ಮಗುವಿನ ಎತ್ತರ. ಲೋಕದ ಮಾತಿನಲ್ಲಿ ಈ ಎರಡು ಶಬ್ದಗಳನ್ನು ನಾವು ಅದಲುಬದಲಾಗಿ ಬಳಸುವುದುಂಟು. ಈ ಶಾಸ್ತ್ರದಲ್ಲಿ ಮಾತ್ರ ಅವು ಎರಡು ಬೇರೆ ಅಳತೆಗಳು; ಒಂದೇ ಮಗುವನ್ನು ಒಂದೇ ಗಳಿಗೆಯಲ್ಲಿ ಎರಡು ರೀತಿಯಿಂದ ಅಳೆದರೂ ಉದ್ದವೇ ಸ್ವಲ್ಪ ಹೆಚ್ಚಾಗಿ ಬರುತ್ತದೆ.

ಹೀಗಾಗುವುದಕ್ಕೆ ಕಾರಣ ದೇಹದ ಭಾರ. ನಮ್ಮ ಬೆನ್ನೆಲುಬು ಒಂದೇ ಕೋಲಲ್ಲ. ಮಣಿಗಳಂತೆ ಪೋಣಿಸಿದ ಎಲುಬುಗಳು, ಅವುಗಳ ನಡುನಡುವೆ ಮೆತ್ತೆಯಂತಿರುವ ಮೃದುವಾದ ಬಿಲ್ಲೆಗಳು. ನಿಂತಾಗ ತಲೆಯ ಮತ್ತು ಮುಂಡದ ಭಾರವು ಈ ಮೆತ್ತೆಗಳನ್ನು ಅದುಮುತ್ತದೆ. ಬೆನ್ನಿನ ಬಾಗುಗಳು ಇನ್ನಷ್ಟು ಬಾಗುತ್ತವೆ. ಅಂಗಾಲಿನ ಮಾಂಸವೂ ಚಪ್ಪಟೆಯಾಗುತ್ತದೆ. ಮಲಗಿದಾಗ ಈ ಒತ್ತಡ ತಪ್ಪುತ್ತದೆ. ದೊಡ್ಡವರಲ್ಲಿಯೂ ಇದನ್ನು ಕಾಣಬಹುದು. ಬೆಳಗ್ಗೆ ಹಾಸಿಗೆಯಿಂದ ಎದ್ದೊಡನೆ ಅಳೆದ ಎತ್ತರಕ್ಕಿಂತ ರಾತ್ರಿ ಅಳೆದದ್ದು ಒಂದು ಸೆಂಟಿಮೀಟರಿನಷ್ಟಾದರೂ ಕಡಿಮೆಯಿರುವುದು ಸಾಮಾನ್ಯ. ಇಂಗ್ಲೆಂಡಿನ ವಾಸ್ ಎಂಬ ಪಾದ್ರಿಗಳು ಇದನ್ನು ಗಮನಿಸಿ ೧೭೨೪ರಷ್ಟು ಹಿಂದೆಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಗೆ ಬರೆದಿದ್ದರು.

ಹಾಗಿದ್ದರೆ ಎಲ್ಲರನ್ನೂ ನಿಲ್ಲಿಸಿಯೇ ಅಳೆಯಬಾರದೇಕೆ? ಆರು ತಿಂಗಳ ಮಗು ನಿಲ್ಲಲಾರದೆಂಬುದು ಸ್ಪಷ್ಟ. ಆದರೆ ಮಕ್ಕಳು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ನಡೆಯುತ್ತಾರೆ. ಒಂದೂವರೆ ವರ್ಷಕ್ಕೆ ನಡೆಯದ ಆರೋಗ್ಯವಂತ ಮಗು ಬಹಳ ಅಪರೂಪ. ಅಷ್ಟಾದರೂ ನಡೆಯುವುದು ಬೇರೆ, ಅಳತೆಗಾಗಿ ನಿಲ್ಲುವುದು ಬೇರೆ. ಹಿಮ್ಮಡಿ, ಮೀನಖಂಡ, ಪೃಷ್ಠ, ಹೆಗಲು, ಹಿಂದಲೆ ಇವೆಲ್ಲ ಹಲಗೆಗೆ ತಗಲಿ, ಮೊಣಕಾಲು ನೇರವಾಗಿ, ದೃಷ್ಟಿ ಎದುರಿಗಿಟ್ಟು ನಾಲ್ಕು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಮಗು ಅಲುಗಾಡದೆ ನಿಲ್ಲಬೇಕು. ಹೊಸದಾಗಿ ನಡೆ ಕಲಿತ ಮಗು ಕಾಲನ್ನು ಅಗಲಿಸಿ, ಮೊಣಕಾಲನ್ನು ತುಸು ಬಗ್ಗಿಸಿ, ಹೊಟ್ಟೆಯನ್ನು ಮುಂದೆ ಚಾಚಿ ನಿಲ್ಲುತ್ತದೆ. ಅದರ ಎತ್ತರ ಒಂದು ಸಲಕ್ಕೆ ಒಂದು, ಇನ್ನೊಂದು ಸಲಕ್ಕೆ ಇನ್ನೊಂದು. ಎರಡು ವರ್ಷವಾದ ಮೇಲೆ ಹೇಳಿದ್ದನ್ನು ಕೇಳಿ ನಿಲ್ಲುವ ಶಕ್ತಿ ಬರುತ್ತದೆ. ಆಗಲೂ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೆಟ್ಟಗೆ ನಿಲ್ಲಿಸಬೇಕಾಗುವುದುಂಟು. ಅತ್ತ ಮಲಗಿಸುವುದು ಕಷ್ಟವಾಗುತ್ತ ಬರುತ್ತದೆ: ಮಗು ಬಲವಾಗಿ ಒದೆಯುತ್ತದೆ, ಮಲಗಿಸಿದ್ದೇ ಒಂದು ಅಪಮಾನವೆಂದು ಬಗೆದು ಅರಚುತ್ತದೆ. ಎರಡು ವರ್ಷದ ಗಡಿಯನ್ನು ಹಾಕಿದ್ದು ಪ್ರಕೃತಿಯಲ್ಲ; ಮನುಷ್ಯರು ಅನುಕೂಲವನ್ನು ನೋಡಿ ಹಾಕಿಕೊಂಡದ್ದು. ಅಮೆರಿಕದ ಕೆಲವು ಕೋಷ್ಟಕಗಳಲ್ಲಿ ಮಲಗಿಸಿದ ಅಳತೆಯು ಮೂರು ವರ್ಷದವರೆಗೂ ಮುಂದುವರಿದಿದೆ.

ಮಲಗಿಸಿ ಅಳೆಯುವುದು ಒಬ್ಬರಿಂದಾಗುವ ಕೆಲಸವಲ್ಲ. ಹಲಗೆಯ ಒಂದು ತುದಿಯಲ್ಲಿ ಕದಲದ ತಲೆಪಟ್ಟಿ, ಇನ್ನೊಂದು ಕಡೆ ಜಾರುವ ಕಾಲುಪಟ್ಟಿ ಇರುತ್ತವೆ. ತಾಯಿಯೋ ಸಹಾಯಕರೋ ತಲೆಪಟ್ಟಿಯ ಹಿಂದೆ ಕುಳಿತು, ಎರಡು ಅಂಗೈಗಳಿಂದ ಮಗುವಿನ ಕಿವಿಗಳ ಮೇಲೆ ತಲೆಯನ್ನು ಹಿಡಿದು, ನೆತ್ತಿಯು ಪಟ್ಟಿಗೆ ತಗಲುವಂತೆಯೂ ದೃಷ್ಟಿಯು ನೆಟ್ಟಗೆ ಮೇಲಕ್ಕೆ ಇರುವಂತೆಯೂ ಮಾಡಬೇಕು. ಗದ್ದವು ಎದೆಯ ಕಡೆಗೆ ಬಾಗಿದರೂ ಹಿಂದಕ್ಕೆ ಹೊರಳಿದರೂ ಅಳತೆ ಕೆಡುತ್ತದೆ. ಅಳೆಯುವವರು ಒಂದು ಕೈಯಿಂದ ಎರಡೂ ಮೊಣಕಾಲುಗಳನ್ನು ಮೆಲ್ಲಗೆ ಅದುಮಿ, ಇನ್ನೊಂದು ಕೈಯಿಂದ ಕಾಲುಪಟ್ಟಿಯನ್ನು ಅಂಗಾಲುಗಳು ಪೂರ್ತಿ ತಗಲುವವರೆಗೆ ಸರಿಸಬೇಕು. ಬೆರಳುಗಳು ಮೇಲಕ್ಕೆ ನೋಡುತ್ತಿರಬೇಕು. ಹೆಣ್ಣುಮಕ್ಕಳಿಗೆ ನೆತ್ತಿಯ ಮೇಲೆ ಜುಟ್ಟು ಕಟ್ಟಿದ್ದರೆ ಮೊದಲು ಬಿಚ್ಚಬೇಕು. ಇದಕ್ಕೆ ಅಜ್ಜಿಯರು ಒಪ್ಪುವುದಿಲ್ಲವೆಂಬುದನ್ನೂ ನಾವು ಬಲ್ಲೆವು.

ಇನ್ನು ವ್ಯತ್ಯಾಸವೆಷ್ಟು ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೯೭ರಿಂದ ೨೦೦೩ರವರೆಗೆ ಬ್ರೆಜಿಲಿನ ಪೆಲೋಟಸ್, ಘಾನಾದ ಅಕ್ರಾ, ನಮ್ಮ ದಿಲ್ಲಿ, ನಾರ್ವೆಯ ಓಸ್ಲೋ, ಓಮಾನಿನ ಮಸ್ಕತ್, ಅಮೆರಿಕದ ಡೇವಿಸ್ ಎಂಬ ಆರು ಊರುಗಳಲ್ಲಿ, ಚೆನ್ನಾಗಿ ಪೋಷಣೆ ಹೊಂದಿದ ಮಕ್ಕಳನ್ನು ಅಳೆಯಿಸಿತು. ಅವರಲ್ಲಿ ಹದಿನೆಂಟರಿಂದ ಮೂವತ್ತು ತಿಂಗಳ ಮಕ್ಕಳನ್ನು ಮಲಗಿಸಿಯೂ ಅಳೆದರು, ನಿಲ್ಲಿಸಿಯೂ ಅಳೆದರು. ಮಲಗಿದ ಅಳತೆಯು ಸರಾಸರಿ ೦.೭೩ ಸೆಂಟಿಮೀಟರು ಹೆಚ್ಚಾಗಿ ಬಂದಿತು. ೨೦೦೬ರಲ್ಲಿ ಪ್ರಕಟವಾದ ಕೋಷ್ಟಕಗಳಲ್ಲಿ ಇದನ್ನು ೦.೭ ಎಂದು, ಅಂದರೆ ಸುಮಾರು ಕಾಲು ಅಂಗುಲವೆಂದು, ಇಟ್ಟುಕೊಂಡಿದ್ದಾರೆ. ಆದಕಾರಣ ಆ ಕೋಷ್ಟಕದಲ್ಲಿ ಇಪ್ಪತ್ತನಾಲ್ಕನೆಯ ತಿಂಗಳಿಗೆ ಎರಡು ಸಂಖ್ಯೆಗಳಿವೆ: ಹೆಣ್ಣುಮಗುವಿನ ನಡುಮಟ್ಟದ ಉದ್ದ ೮೬.೪, ಎತ್ತರ ೮೫.೭. ನಕ್ಷೆಯ ಏರುಗೆರೆಯಲ್ಲಿ ಅಲ್ಲಿ ಒಂದು ಸಣ್ಣ ಮೆಟ್ಟಿಲು ಇಳಿಯುತ್ತದೆ.

ನೆರೆಮನೆಯ ಮಗುವಿನ ಲೆಕ್ಕ ಈಗ ತಾನಾಗಿ ಬಿಡಿಸಿಕೊಳ್ಳುತ್ತದೆ. ನಿಂತಾಗಿನ ೮೫.೭ಕ್ಕೆ ೦.೭ ಕೂಡಿಸಿದರೆ ಮಲಗಿದಾಗಿನ ೮೬.೪ ಆಯಿತು. ಹಿಂದಿನ ತಿಂಗಳು ೮೫.೫ ಇತ್ತು. ಬೆಳೆದದ್ದು ಎರಡು ಮಿಲಿಮೀಟರಲ್ಲ, ಒಂಬತ್ತು. ಆ ವಯಸ್ಸಿಗೆ ಸರಿಯಾಗಿ ಬೆಳೆಯಬೇಕಾದಷ್ಟು. ಅಜ್ಜಿ ಕೇಳಿ, “ಹಾಗಾದರೆ ಮಗು ನಿಂತರೆ ಒಂದು ತಿಂಗಳ ಬೆಳವಣಿಗೆಯನ್ನೇ ನುಂಗುತ್ತದೆ ಅನ್ನಿ” ಎಂದರು. ಇದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು.

ಆದರೆ ಎಲ್ಲ ಕಡೆಯೂ ಲೆಕ್ಕ ಇಷ್ಟು ಸುಖವಾಗಿ ಮುಗಿಯುವುದಿಲ್ಲ. ಕೋಷ್ಟಕದಲ್ಲಿ ಕೆಳಗಡೆ ಒಂದು ಗೆರೆಯುಂಟು. ಚೆನ್ನಾಗಿ ಪೋಷಣೆ ಹೊಂದಿದ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳು ಮಾತ್ರ ಅದಕ್ಕಿಂತ ಕೆಳಗೆ ಬೀಳುತ್ತಾರೆ. ಅದರ ಕೆಳಗೆ ಬಿದ್ದ ಮಗುವನ್ನು ಬೆಳವಣಿಗೆ ಕುಂಠಿತವಾದದ್ದೆಂದು ಬರೆಯುತ್ತಾರೆ. ಎರಡು ವರ್ಷ ತುಂಬಿದ ಗಂಡುಮಗುವಿಗೆ ಈ ಗೆರೆಯು ಎತ್ತರದ ಲೆಕ್ಕದಲ್ಲಿ ೮೧.೦ ಸೆಂಟಿಮೀಟರು. ಒಂದು ಮಗು ನಿಲ್ಲಲು ಹಟ ಮಾಡಿತೆಂದು ಮಲಗಿಸಿ ಅಳೆದರು, ೮೧.೫ ಬಂದಿತು. ಮಲಗಿಸಿದ ಸಂಗತಿಯನ್ನು ಬರೆಯದೆ ಅದನ್ನೇ ಎತ್ತರವೆಂದು ದಾಖಲೆ ಮಾಡಿದರೆ ಮಗು ಗೆರೆಯ ಮೇಲಿದೆ, ಎಲ್ಲರೂ ನಿಶ್ಚಿಂತರು. ೦.೭ ಕಳೆದು ನೋಡಿದರೆ ೮೦.೮, ಗೆರೆಯ ಕೆಳಗಿದೆ. ಆ ಮನೆಗೆ ದೊರೆಯಬೇಕಾಗಿದ್ದ ಪೌಷ್ಟಿಕ ಆಹಾರ, ವೈದ್ಯರ ವಿಚಾರಣೆ ತಪ್ಪಿಹೋಗಬಹುದು. ವಿಪರೀತವೂ ಆಗುತ್ತದೆ. ಇಪ್ಪತ್ತಮೂರು ತಿಂಗಳ ಹೆಣ್ಣುಮಗುವಿಗೆ ಗೆರೆ ೭೯.೨. ನಿಲ್ಲಿಸಿ ಅಳೆದು ೭೮.೮ ಎಂದು ಬರೆದರೆ ತಾಯಿಗೆ ಕೆಟ್ಟ ಸುದ್ದಿ ಮುಟ್ಟುತ್ತದೆ, ೦.೭ ಕೂಡಿಸಿದರೆ ೭೯.೫, ಗೆರೆಯ ಮೇಲೆಯೇ ಇದೆ. ನಿಯಮ ಇಷ್ಟೇ: ಎರಡು ವರ್ಷದೊಳಗಿನ ಮಗುವನ್ನು ನಿಲ್ಲಿಸಿ ಅಳೆದಿದ್ದರೆ ೦.೭ ಕೂಡಿಸತಕ್ಕದ್ದು, ಎರಡು ವರ್ಷ ತುಂಬಿದ್ದನ್ನು ಮಲಗಿಸಿ ಅಳೆದಿದ್ದರೆ ೦.೭ ಕಳೆಯತಕ್ಕದ್ದು. ಆದುದರಿಂದ ಸಂಖ್ಯೆಯ ಪಕ್ಕದಲ್ಲಿ ‘ಮಲಗಿಸಿ’ ಅಥವಾ ‘ನಿಲ್ಲಿಸಿ’ ಎಂಬ ಒಂದು ಮಾತು ಇರಲೇಬೇಕು. ಅದಿಲ್ಲದ ಸಂಖ್ಯೆಯನ್ನು ಆಮೇಲೆ ತಿದ್ದಲು ಯಾರಿಂದಲೂ ಆಗದು. ೦.೭ ಎಂಬುದು ಸರಾಸರಿ ಮಾತ್ರವೆಂಬುದನ್ನೂ ಮರೆಯಲಾಗದು. ಒಂದೊಂದು ಮಗುವಿನಲ್ಲಿ ವ್ಯತ್ಯಾಸ ಸ್ವಲ್ಪ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಗೆರೆಯ ತೀರ ಹತ್ತಿರವಿದ್ದ ಮಗುವನ್ನು ತಿದ್ದುಪಡಿಯ ಬಲದಿಂದ ನಿರ್ಣಯಿಸುವುದಕ್ಕಿಂತ ಸರಿಯಾದ ರೀತಿಯಲ್ಲಿ ಮತ್ತೊಮ್ಮೆ ಅಳೆಯುವುದೇ ಯುಕ್ತ.

ಈ ಕಾಲು ಅಂಗುಲದಂಥ ವ್ಯತ್ಯಾಸ ದೇಶದೇಶಗಳ ಲೆಕ್ಕವನ್ನೂ ಕೆಡಿಸಿದ್ದುಂಟು. ೨೦೦೬ಕ್ಕೆ ಮುಂಚೆ ಲೋಕದಲ್ಲೆಲ್ಲ ಬಳಕೆಯಲ್ಲಿದ್ದದ್ದು ಅಮೆರಿಕದಲ್ಲಿ ೧೯೭೭ರಲ್ಲಿ ಸಿದ್ಧವಾದ ಕೋಷ್ಟಕ. ಅದರ ಶಿಶುಗಳ ಭಾಗವನ್ನು ಓಹಾಯೋ ಪ್ರಾಂತದ ಫೆಲ್ಸ್ ಸಂಸ್ಥೆಯಲ್ಲಿ ಮಲಗಿಸಿ ಅಳೆದ ಮಕ್ಕಳಿಂದಲೂ, ದೊಡ್ಡ ಮಕ್ಕಳ ಭಾಗವನ್ನು ಇಡೀ ದೇಶದ ಪರೀಕ್ಷೆಗಳಲ್ಲಿ ನಿಲ್ಲಿಸಿ ಅಳೆದ ಬೇರೆ ಮಕ್ಕಳಿಂದಲೂ ಮಾಡಿ, ಎರಡು ವರ್ಷದ ಹತ್ತಿರ ಜೋಡಿಸಿದ್ದರು. ಜೋಡಣೆ ಕೂಡಿಬರಲಿಲ್ಲ. ಮಲಗಿದ್ದು ಮತ್ತು ನಿಂತದ್ದರ ಅಂತರಕ್ಕಿಂತಲೂ ಹೆಚ್ಚಿನ ಬಿರುಕು ಅಲ್ಲಿ ಉಳಿಯಿತು, ಏಕೆಂದರೆ ಮಕ್ಕಳ ಗುಂಪುಗಳೇ ಬೇರೆಯಾಗಿದ್ದವು. ಪರಿಣಾಮವಾಗಿ ಬಡದೇಶಗಳ ವರದಿಗಳಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು: ಇಪ್ಪತ್ತಮೂರು ತಿಂಗಳವರೆಗೆ ಏರುತ್ತ ಬಂದ ಕುಂಠಿತ ಮಕ್ಕಳ ಪ್ರಮಾಣ ಇಪ್ಪತ್ತನಾಲ್ಕಕ್ಕೆ ಥಟ್ಟನೆ ಇಳಿಯುತ್ತಿತ್ತು. ಎರಡನೆಯ ಹುಟ್ಟುಹಬ್ಬದ ದಿನ ಮಕ್ಕಳೆಲ್ಲ ಚೇತರಿಸಿಕೊಂಡರೆಂದು ಯಾರು ನಂಬುವರು? ಇಳಿದದ್ದು ಹಸಿವಲ್ಲ, ಅಳತೆಯ ಆಧಾರ. ಇಂದಿಗೂ ಯಾವುದೇ ಪರೀಕ್ಷೆಯ ಫಲಿತಾಂಶದಲ್ಲಿ ಸರಿಯಾಗಿ ಇಪ್ಪತ್ತನಾಲ್ಕನೆಯ ತಿಂಗಳಲ್ಲಿ ಇಂಥ ಮೆಟ್ಟಿಲು ಕಂಡರೆ, ಅಲ್ಲಿ ಮಲಗಿಸುವುದೂ ನಿಲ್ಲಿಸುವುದೂ ಕಲೆತುಹೋಗಿದೆಯೆಂದು ಮೊದಲು ಸಂಶಯಪಡಬೇಕು.

ಒಂದು ತೊಡಕು ಉಳಿಯಿತು. ಕ್ಷಾಮದಿಂದಲೋ ಯುದ್ಧದಿಂದಲೋ ಊರುಬಿಟ್ಟು ಬಂದ ಮಗುವಿನ ಹುಟ್ಟಿದ ತಾರೀಖು ಯಾರಿಗೂ ತಿಳಿಯದಿದ್ದರೆ ಏನು ಮಾಡುವುದು? ಆಗ ವಯಸ್ಸಿನ ಬದಲು ಮಗುವಿನ ಅಳತೆಯನ್ನೇ ಗಡಿಯಾಗಿ ಹಿಡಿಯುತ್ತಾರೆ. ಹಲಗೆಯ ಮೇಲೆ ೮೭ ಸೆಂಟಿಮೀಟರಿಗೆ ಒಂದು ಗುರುತು ಮಾಡಿ ಮಗುವನ್ನು ಪಕ್ಕದಲ್ಲಿ ನಿಲ್ಲಿಸುತ್ತಾರೆ. ತಲೆ ಆ ಗುರುತನ್ನು ಮುಟ್ಟದಿದ್ದರೆ ಮಲಗಿಸುತ್ತಾರೆ; ಮುಟ್ಟಿದರೆ ನಿಲ್ಲಿಸುತ್ತಾರೆ. ಎರಡು ವರ್ಷದ ಗಂಡುಮಗುವಿನ ನಡುಮಟ್ಟದ ಎತ್ತರವು ೮೭.೧ ಎಂಬುದನ್ನು ನೆನೆದರೆ ಆ ಗುರುತು ಅಲ್ಲಿಗೇ ಏಕೆ ಬಿದ್ದಿತೆಂಬುದು ತಿಳಿಯುತ್ತದೆ. ಬಹಳ ಕಾಲ ಹಸಿದು ಕುಳ್ಳಾದ ಮೂರು ವರ್ಷದ ಮಗುವೂ ಈ ಕ್ರಮದಲ್ಲಿ ಹಲಗೆಯ ಮೇಲೆ ಮಲಗಬೇಕಾಗಿ ಬರುತ್ತದೆ.