ರೊಟ್ಟಿ ಅಗಿಯುವಾಗ ಸೋತು ಬರುವ ದವಡೆ

ವಿಜಯಪುರದ ಕಡೆಯ 72 ವರ್ಷದ ಒಬ್ಬ ಅಜ್ಜಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಷ್ಟು ವರ್ಷ ತಲೆನೋವು ಎಂದವರಲ್ಲ. ಮೂರು ವಾರದಿಂದ ಬಲಗಡೆ ಕಣತಲೆ ಸಿಡಿಯುತ್ತಿದೆ. ಬಾಚಣಿಗೆ ತಾಗಿದರೂ ಉರಿ, ಆ ಮಗ್ಗುಲಿಗೆ ದಿಂಬಿನ ಮೇಲೆ ತಲೆ ಇಡಲಾಗದು. ಊಟಕ್ಕೆ ಕುಳಿತರೆ ಇನ್ನೊಂದು ವಿಚಿತ್ರ: ಖಡಕ್ ರೊಟ್ಟಿಯ ಮೊದಲ ನಾಲ್ಕು ತುತ್ತು ಸರಾಗ, ಆಮೇಲೆ ದವಡೆ ಭಾರವಾಗಿ ನೋಯತೊಡಗುತ್ತದೆ. ಅಗಿಯುವುದನ್ನು ನಿಲ್ಲಿಸಿ ಎರಡು ನಿಮಿಷ ಸುಮ್ಮನಿದ್ದರೆ ನೋವು ಇಳಿಯುತ್ತದೆ. ಮತ್ತೆ ಅಗಿದರೆ ಮತ್ತೆ ಅದೇ. “ಅತ್ತೀ, ಹಲ್ಲಿನ ಸೆಟ್ ಸಡಿಲ ಆಗಿರಬೇಕ್ರಿ” ಎನ್ನುತ್ತಾಳೆ ಸೊಸೆ. “ಹಲ್ಲು ನೋಯಂಗಿಲ್ಲವ್ವ, ದವಡಿ ಸೋತು ಬರತೈತಿ” ಎನ್ನುತ್ತಾರೆ ಅಜ್ಜಿ.

‘ಸೋತು ಬರುತ್ತದೆ’ ಎಂಬ ಆ ಮಾತಿನಲ್ಲೇ ರೋಗದ ಸುಳಿವಿದೆ. ಹಲ್ಲುನೋವಾದರೆ ಕಚ್ಚಿದ ಕ್ಷಣವೇ ಚುಚ್ಚುತ್ತದೆ. ದವಡೆಯ ಕೀಲು ಕೆಟ್ಟಿದ್ದರೆ ಬಾಯಿ ತೆರೆದಾಗ ಕಟಕಟ ಎನ್ನುತ್ತದೆ, ಕಿವಿಯ ಮುಂದೆಯೇ ನೋಯುತ್ತದೆ. ಮುಖದ ನರದ ನೋವು ಕರೆಂಟ್ ಹೊಡೆದಂತೆ ಬಂದು ಹೋಗುತ್ತದೆ. ಅಜ್ಜಿಯದು ಇವು ಯಾವುವೂ ಅಲ್ಲ. ಕೆಲಸ ಮಾಡುವ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದಾಗ ಆಗುವ ದಣಿವು ಅದು. ಅಗಿಯುವ ಸ್ನಾಯುವಿಗೂ ಕಣತಲೆಗೂ ರಕ್ತ ಒಯ್ಯುವ ನಾಳಗಳು ಕತ್ತಿನ ಒಂದೇ ದೊಡ್ಡ ಧಮನಿಯ ಕವಲುಗಳು. ಆ ಕವಲುಗಳ ಗೋಡೆಗೆ ಉರಿಯೂತ ಬಂದು, ಒಳಪದರ ದಪ್ಪವಾಗಿ, ರಕ್ತದ ದಾರಿ ಕಿರಿದಾಗುವ ಕಾಯಿಲೆಗೆ ಜೈಂಟ್ ಸೆಲ್ ಆರ್ಟರೈಟಿಸ್ ಎಂದು ಹೆಸರು. 50 ದಾಟಿದವರಲ್ಲಿ ಮಾತ್ರ, ಅದರಲ್ಲೂ ಹೆಚ್ಚಾಗಿ 70ರ ಆಸುಪಾಸಿನಲ್ಲಿ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಉತ್ತರ ಯುರೋಪಿನ ಮೂಲದವರಲ್ಲಿ ಕಾಣುವಷ್ಟು ನಮ್ಮಲ್ಲಿ ಕಾಣುವುದಿಲ್ಲ. ಅಪರೂಪದ್ದೆಂಬ ಕಾರಣಕ್ಕೇ ಇಲ್ಲಿ ಅದು ನೆನಪಿಗೆ ಬರದೆ ತಪ್ಪಿಹೋಗುವ ಭಯ ಹೆಚ್ಚು.

ಇಷ್ಟು ಅವಸರ ಏಕೆಂದರೆ, ಇದೇ ಉರಿಯೂತ ಕಣ್ಣಿನ ನರದ ಬುಡಕ್ಕೆ ರಕ್ತ ಕೊಡುವ ಸಣ್ಣ ನಾಳಗಳನ್ನೂ ಹಿಡಿಯುತ್ತದೆ. ಅವು ಮುಚ್ಚಿಕೊಂಡರೆ ನೋವೇ ಇಲ್ಲದೆ, ಬೆಳಗಾಗುವಷ್ಟರಲ್ಲಿ ಒಂದು ಕಣ್ಣು ಕತ್ತಲಾಗಬಹುದು. ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಇನ್ನೊಂದು ಕಣ್ಣೂ ಹೋಗಬಹುದು. ಕೆಲವರಿಗೆ ಮುನ್ಸೂಚನೆ ಇರುತ್ತದೆ: ಒಂದು ಕಣ್ಣಿಗೆ ಐದು ನಿಮಿಷ ಪರದೆ ಎಳೆದಂತಾಗಿ ಮತ್ತೆ ಸರಿಹೋಗುತ್ತದೆ, ಇಲ್ಲವೇ ಒಂದು ವಸ್ತು ಎರಡಾಗಿ ಕಾಣುತ್ತದೆ. ಪೊರೆ ಬಂದಿರಬೇಕು ಎಂದುಕೊಂಡು ಹಿರಿಯರು ಇದನ್ನು ಹೇಳುವುದೇ ಇಲ್ಲ. ಅದಕ್ಕೆ ನಾವೇ ಬಿಡಿಸಿ ಕೇಳಬೇಕು. ಬೆಳಿಗ್ಗೆ ಏಳುವಾಗ ಎರಡೂ ಭುಜ, ಸೊಂಟ ಮರಗಟ್ಟಿ ಸೆರಗು ಹೊದೆಯಲೂ ಕೈ ಏಳುವುದಿಲ್ಲವೇ, ಸಣ್ಣ ಜ್ವರ ಇದೆಯೇ, ತೂಕ ಇಳಿದಿದೆಯೇ ಎಂದೂ ಕೇಳಬೇಕು. ಇವೂ ಈ ಕಾಯಿಲೆಯ ಸಂಗಾತಿಗಳು.

ಅಜ್ಜಿಯನ್ನು ಅಂದೇ ವೈದ್ಯರ ಬಳಿ ಕರೆದೊಯ್ದರೆ ಅವರು ಮೊದಲು ಬೆರಳಿನಿಂದ ಕಣತಲೆ ಮುಟ್ಟಿ ನೋಡುತ್ತಾರೆ. ಧಮನಿ ಹಗ್ಗದಂತೆ ದಪ್ಪವಾಗಿ, ಮುಟ್ಟಿದರೆ ನೋಯುತ್ತಾ, ಮಿಡಿತ ಕುಗ್ಗಿರಬಹುದು. ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳಲ್ಲಿ ಉರಿಯೂತದ ಅಂಕಿ ಸಾಮಾನ್ಯವಾಗಿ ಏರಿರುತ್ತದೆ. ಆದರೆ ಕ್ಷಯ, ಮೂತ್ರದ ಸೋಂಕು ಇದ್ದರೂ ಅದು ಏರುತ್ತದೆ. ಕೆಲವೇ ಕೆಲವರಲ್ಲಿ ಕಾಯಿಲೆ ಇದ್ದೂ ಏರದೆ ಉಳಿಯುತ್ತದೆ. ಖಚಿತಪಡಿಸಲು ಕಣತಲೆಯ ಅಲ್ಟ್ರಾಸೌಂಡ್ ಮಾಡುತ್ತಾರೆ, ಇಲ್ಲವೇ ಆ ಜಾಗವನ್ನಷ್ಟೇ ಮರಗಟ್ಟಿಸಿ ಧಮನಿಯ ಒಂದು ಸೆಂಟಿಮೀಟರಿಗೂ ಉದ್ದದ ತುಂಡನ್ನು ಬಯಾಪ್ಸಿಗೆ ತೆಗೆಯುತ್ತಾರೆ. ಉರಿಯೂತ ನಾಳದುದ್ದಕ್ಕೂ ಇರದೆ ಅಲ್ಲಲ್ಲಿ ಬಿಟ್ಟುಬಿಟ್ಟು ಇರುತ್ತದೆ, ಆದ್ದರಿಂದ ತುಂಡು ಚಿಕ್ಕದಾದರೆ ರೋಗ ಸಿಗದೇ ಹೋಗಬಹುದು. ಬಯಾಪ್ಸಿ ಸರಿಯಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನುವಂತಿಲ್ಲ.

ಸಂಶಯ ಬಲವಾಗಿದ್ದರೆ ವೈದ್ಯರು ಈ ವರದಿಗಳಿಗಾಗಿ ಕಾಯುವುದಿಲ್ಲ. ರಕ್ತ ತೆಗೆದ ದಿನವೇ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ಸಾಮಾನ್ಯವಾಗಿ ದಿನಕ್ಕೆ 40ರಿಂದ 60 ಮಿಲಿಗ್ರಾಂ, ಶುರುವಾಗುತ್ತದೆ. ಕಣ್ಣಿಗೆ ತೊಂದರೆ ಬಂದಾಗಿದ್ದರೆ ಆಸ್ಪತ್ರೆಗೆ ಸೇರಿಸಿ ಹೆಚ್ಚು ಪ್ರಮಾಣದ ಸ್ಟಿರಾಯ್ಡನ್ನು ನರದ ಮೂಲಕ ಕೊಡುವುದುಂಟು. ಮೊದಲ ಒಂದೆರಡು ವಾರ ಔಷಧಿ ತಿಂದರೂ ಬಯಾಪ್ಸಿಯಲ್ಲಿ ಕಾಯಿಲೆಯ ಗುರುತು ಉಳಿದಿರುತ್ತದೆ, ಹಾಗಾಗಿ ಬಯಾಪ್ಸಿ ಆಗಲಿ ಎಂದು ಚಿಕಿತ್ಸೆ ತಡೆಯಬೇಕಿಲ್ಲ. ಹಾಗೆಂದು ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲೇ ನುಂಗಿಸುವ ಔಷಧಿ ಇದಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಜಿಗಿಯುತ್ತದೆ, ಮೂಳೆ ಸವೆಯುತ್ತದೆ, ಮೈಯಲ್ಲಿ ಅಡಗಿದ ಕ್ಷಯ ತಲೆಯೆತ್ತಬಹುದು. ಇವನ್ನೆಲ್ಲ ಗಮನದಲ್ಲಿಟ್ಟೇ ವೈದ್ಯರು ಕೊಡುತ್ತಾರೆ.

ಕಾಯಿಲೆ ಇದೇ ಆಗಿದ್ದರೆ ಎರಡು ಮೂರು ದಿನದಲ್ಲಿ ತಲೆನೋವು ಇಳಿಯುವುದು ಸಾಮಾನ್ಯ. ತೊಂದರೆ ಬರುವುದು ಅಲ್ಲಿಂದಾಚೆ, ವಾಸಿಯಾಯಿತೆಂದು ಮಾತ್ರೆಯನ್ನು ಒಮ್ಮೆಲೇ ಬಿಟ್ಟಾಗ. ತಿಂಗಳುಗಟ್ಟಲೆ ಸ್ಟಿರಾಯ್ಡ್ ತಿಂದ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ತಗ್ಗಿಸಿರುತ್ತದೆ. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಪ್ರಮಾಣವನ್ನು ವೈದ್ಯರೇ ಒಂದು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ, ಹಂತ ಹಂತವಾಗಿ ಇಳಿಸುತ್ತಾರೆ. ಹಾಗೆ ಇಳಿಸುತ್ತಿರುವಾಗ ಒಂದು ದಿನ ಅಜ್ಜಿ ಅರ್ಧ ರೊಟ್ಟಿಗೇ ಕೈತೊಳೆದು ಎದ್ದರೆ, ಸೊಸೆ ಅಂದೇ ವೈದ್ಯರಿಗೆ ಫೋನ್ ಮಾಡಬೇಕು.