ಷೇರು ಕದಲಲಿಲ್ಲ, ಆದ್ರೂ ದುಡ್ಡು ಹೋಯ್ತು: ಡಬಲ್ ಕ್ಯಾಲೆಂಡರ್ ಮತ್ತು ಐವಿ ಲೆಕ್ಕ

ಹೋದ ಸಂಚಿಕೆ ಆದ್ಮೇಲೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಷೇರು ಒಂದೇ ರೇಂಜಲ್ಲಿ ಓಡಾಡ್ತಿದೆ, ಡಬಲ್ ಕ್ಯಾಲೆಂಡರ್ ಹಾಕಬಹುದಾ?" ಹಾಕಬಹುದು. ಆದರೆ ಅಲ್ಲಿ ನೀವು ಬೆಟ್ ಕಟ್ಟೋದು ರೇಂಜ್ ಮೇಲೆ ಮಾತ್ರ ಅಲ್ಲ. ಅದನ್ನೇ ಇವತ್ತು ಲೆಕ್ಕ ಹಾಕಿ ನೋಡೋಣ.

ಒಂದು ಷೇರು 1500 ರೂಪಾಯಿಯಲ್ಲಿದೆ ಅಂದ್ಕೊಳ್ಳಿ. ಈ ತಿಂಗಳ ಎಕ್ಸ್‌ಪೈರಿಗೆ 25 ದಿನ, ಮುಂದಿನ ತಿಂಗಳದ್ದಕ್ಕೆ 53 ದಿನ ಇದೆ. ಎರಡರಲ್ಲೂ ಇಂಪ್ಲೈಡ್ ವೊಲಟಿಲಿಟಿ, ಅಂದರೆ ಐವಿ, 24. ನಾನು ಈ ತಿಂಗಳ 1440 ಪುಟ್ ಮತ್ತು 1560 ಕಾಲ್ ಮಾರುತ್ತೇನೆ. ಒಂದು ಷೇರಿಗೆ ಸುಮಾರು 30 ರೂಪಾಯಿ ಬರುತ್ತೆ. ಅದೇ ಸ್ಟ್ರೈಕ್‌ಗಳ ಮುಂದಿನ ತಿಂಗಳ ಪುಟ್ ಮತ್ತು ಕಾಲ್ ಕೊಳ್ಳುತ್ತೇನೆ. ಅದಕ್ಕೆ ಸುಮಾರು 60 ಹೋಗುತ್ತೆ. ಕೈಯಿಂದ ಹೋದದ್ದು 30. ಬಡ್ಡಿ, ಬ್ರೋಕರೇಜ್ ಬಿಟ್ಟು ಹೇಳ್ತಿದ್ದೀನಿ.

ಈಗ ಈ ತಿಂಗಳ ಎಕ್ಸ್‌ಪೈರಿ ದಿನಕ್ಕೆ ಬನ್ನಿ. ಷೇರು ಇನ್ನೂ 1500ರಲ್ಲೇ ಇದೆ. ಮಾರಿದ ಎರಡೂ ಸೊನ್ನೆ. ಕೊಂಡ ಎರಡಕ್ಕೂ ಇನ್ನೂ 28 ದಿನ ಜೀವ ಇದೆ. ಐವಿ 24ರಲ್ಲೇ ಉಳಿದಿದ್ದರೆ ಅವುಗಳ ಬೆಲೆ ಸುಮಾರು 33.50, ಲಾಭ ಬರೀ 3.50. ಅದೇ ಷೇರು 1560ಕ್ಕೆ ಹೋಗಿ ನಿಂತಿದ್ದರೆ ಲಾಭ 17ರ ಹತ್ತಿರ. ಅಂದ್ರೆ ಈ ತಂತ್ರದ ಲಾಭದ ಗೆರೆಗೆ ಒಂಟೆ ಥರ ಎರಡು ಡುಬ್ಬ, ನಡುವೆ ಒಂದು ತಗ್ಗು. ಸ್ಟ್ರೈಕ್‌ಗಳನ್ನು ದೂರ ಇಟ್ಟಷ್ಟೂ ತಗ್ಗು ಆಳ ಆಗುತ್ತೆ.

ಈಗ ಅಸಲಿ ವಿಷಯ. ಷೇರು ಅದೇ 1500, ಆದರೆ ಐವಿ 24ರಿಂದ 20ಕ್ಕೆ ಇಳಿದಿದೆ. ಕೊಂಡ ಆಪ್ಷನ್‌ಗಳ ಬೆಲೆ 23ಕ್ಕೆ ಬಂತು. ನಷ್ಟ 7 ರೂಪಾಯಿ! ನಿಮ್ಮ ಅಂದಾಜು ನೂರಕ್ಕೆ ನೂರು ಸರಿ, ಷೇರು ಕದಲಲೇ ಇಲ್ಲ, ಆದ್ರೂ ದುಡ್ಡು ಹೋಯ್ತು. ಐವಿ 28ಕ್ಕೆ ಏರಿದ್ದರೆ ಅದೇ ಜಾಗದಲ್ಲಿ ಸುಮಾರು 15 ಲಾಭ.

ಯಾಕೆ ಹೀಗೆ? ಐವಿ ಒಂದು ಪಾಯಿಂಟ್ ಬದಲಾದರೆ ಆಪ್ಷನ್ ಬೆಲೆ ಎಷ್ಟು ಬದಲಾಗುತ್ತೆ ಅನ್ನೋದಕ್ಕೆ ವೇಗಾ ಅಂತಾರೆ. ಹೆಚ್ಚು ದಿನ ಇರುವ ಆಪ್ಷನ್‌ಗೆ ವೇಗಾ ಹೆಚ್ಚು. ನಮ್ಮ ಉದಾಹರಣೆಯಲ್ಲಿ ಮೊದಲ ದಿನ ಕೊಂಡಿದ್ದರ ವೇಗಾ ಒಟ್ಟು 4.10, ಮಾರಿದ್ದರದ್ದು 2.50. ಉಳಿದ 1.60 ನಮ್ಮ ತಲೆ ಮೇಲೆ. ದಿನ ಕಳೆದಂತೆ ಮಾರಿದ್ದರ ವೇಗಾ ಕರಗಿಹೋಗುತ್ತೆ, ಕೊನೆಯ ದಿನ ಕೊಂಡಿದ್ದರ ಸುಮಾರು 2.75 ಪೂರ್ತಿ ನಮ್ಮದೇ. ಷೇರು ಸುಮ್ಮನೆ ಕೂತಾಗ ಸಾಮಾನ್ಯವಾಗಿ ಐವಿ ಕೂಡ ಇಳಿಯುತ್ತೆ. ನಾವು ಬಯಸೋದು ಶಾಂತ ಷೇರು, ಆದರೆ ಆ ಶಾಂತಿಯೇ ನಮ್ಮ ಜೇಬಿಗೆ ಕತ್ತರಿ.

ಹಾಗಾಗಿ ನಾನು ಮೊದಲು ನೋಡೋದು ಐವಿ ಈಗ ಎಲ್ಲಿದೆ ಅಂತ. ಕಳೆದ ಒಂದು ವರ್ಷಕ್ಕೆ ಹೋಲಿಸಿದರೆ ಅದು ಮೇಲಿದ್ದರೆ ಈ ತಂತ್ರ ಮುಟ್ಟೋದಿಲ್ಲ. ಭಯ ಎಷ್ಟು ಬೇಗ ಇಳಿಯುತ್ತೆ ಅನ್ನೋದಕ್ಕೆ 2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ ನೆನಪಿಸಿಕೊಳ್ಳಿ. ಇಂಡಿಯಾ ವಿಕ್ಸ್ ಆ ದಿನ 27ರ ಹತ್ತಿರ ಮುಗಿಸಿ, ಮರುದಿನವೇ 19ರ ಆಸುಪಾಸಿಗೆ ಬಂತು. ಅದು ನಿಫ್ಟಿಯ ಅಳತೆ, ಆದರೆ ಷೇರುಗಳ ಐವಿಯೂ ಹೀಗೇ ಬೀಳಬಹುದು.

ಎರಡನೆಯದು ರಿಸಲ್ಟ್ ದಿನಾಂಕ. ಇನ್ಫೋಸಿಸ್ ತನ್ನ ಮೂರನೇ ತ್ರೈಮಾಸಿಕದ ಲೆಕ್ಕವನ್ನು ಸಾಮಾನ್ಯವಾಗಿ ಜನವರಿ ಮಧ್ಯದಲ್ಲಿ ಕೊಡುತ್ತೆ. ಡಿಸೆಂಬರ್ ಆಪ್ಷನ್ ಮಾರಿ ಜನವರಿಯದ್ದು ಕೊಂಡರೆ, ಡಿಸೆಂಬರ್ ಎಕ್ಸ್‌ಪೈರಿ ದಿನವೂ ರಿಸಲ್ಟ್ ಇನ್ನೂ ಮುಂದಿರುತ್ತೆ. ಜನವರಿ ಐವಿಗೆ ಒಂದು ಆಸರೆ ಇರುತ್ತೆ. ಆ ಹೊತ್ತಿಗೇ ಹೊರಬರಬೇಕು. ರಿಸಲ್ಟ್ ಬಂದ ಮೇಲೂ ಹಿಡ್ಕೊಂಡು ಕೂತರೆ ಆ ಆಸರೆ ರಾತ್ರೋರಾತ್ರಿ ಹೋಗುತ್ತೆ. ಆದರೆ ಆ ರಿಸಲ್ಟ್ ನಿರೀಕ್ಷೆಗೆ ಕೊಳ್ಳುವಾಗಲೇ ಜನವರಿ ಬೆಲೆಯಲ್ಲಿ ಎಷ್ಟು ಕೊಡ್ತಿದ್ದೀರಿ ಅಂತ ಎರಡೂ ತಿಂಗಳ ಐವಿ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ಡಬಲ್ ಡಯಾಗನಲ್. ಮಾರೋದು ಅದೇ 1440 ಮತ್ತು 1560, ಆದರೆ ಮುಂದಿನ ತಿಂಗಳಲ್ಲಿ ಕೊಳ್ಳೋದು 1400 ಪುಟ್, 1600 ಕಾಲ್. ಖರ್ಚು 30ರ ಬದಲು ಸುಮಾರು 7. ಷೇರು 1500ರಲ್ಲೇ ಉಳಿದು ಐವಿ 20ಕ್ಕೆ ಇಳಿದರೂ ಸುಮಾರು 2 ರೂಪಾಯಿ ಲಾಭ ಉಳಿಯುತ್ತೆ. ಐವಿ ಪೆಟ್ಟು ಕಡಿಮೆ, ನಿಜ. ಆದರೆ ಷೇರು ಒಂದೇ ಕಡೆ ದೂರ ಓಡಿದರೆ ನಷ್ಟ 47ರವರೆಗೆ ಹೋಗಬಹುದು: ಸ್ಟ್ರೈಕ್‌ಗಳ ನಡುವಿನ 40, ಜೊತೆಗೆ ಖರ್ಚಾದ 7. ಕ್ಯಾಲೆಂಡರ್‌ನಲ್ಲಿ ಅದು 30ರ ಸುತ್ತ ನಿಲ್ಲುತ್ತೆ. ಐವಿ ರಿಸ್ಕ್ ಕೊಟ್ಟು ಓಟದ ರಿಸ್ಕ್ ತಗೊಂಡ ಹಾಗೆ.

ಕೊನೆಗೆ ಎರಡು ಮಾತು. ಮುಂದಿನ ತಿಂಗಳ ಷೇರು ಆಪ್ಷನ್‌ಗಳಲ್ಲಿ ಕೊಳ್ಳುವವರು ಕಡಿಮೆ, ಬಿಡ್-ಆಸ್ಕ್ ಅಂತರ ದೊಡ್ಡದು. 3.50 ಲಾಭ ಅಂತ ನಾನು ಹೇಳಿದ್ದು ನಾಲ್ಕು ಕಾಲುಗಳಲ್ಲಿ ಒಂದೊಂದು ರೂಪಾಯಿ ಜಾರಿದರೆ ಮುಗಿದೇ ಹೋಯ್ತು. ಮತ್ತೆ, ನಮ್ಮಲ್ಲಿ ಷೇರು ಆಪ್ಷನ್‌ಗಳಿಗೆ ಫಿಸಿಕಲ್ ಸೆಟಲ್‌ಮೆಂಟ್ ಇದೆ. ಮಾರಿದ ಕಾಲ್ ಎಕ್ಸ್‌ಪೈರಿಯಲ್ಲಿ ಇನ್ ದ ಮನಿ ಆದರೆ ಇಡೀ ಲಾಟ್ ಷೇರು ನೀವು ಕೊಡಬೇಕಾಗುತ್ತೆ, ಕೈಯಲ್ಲಿರುವ ಮುಂದಿನ ತಿಂಗಳ ಕಾಲ್ ಅದಕ್ಕೆ ಆಗಿಬರಲ್ಲ. ಅದಕ್ಕೇ ಎಕ್ಸ್‌ಪೈರಿಗೆ ಎರಡು ಮೂರು ದಿನ ಮೊದಲೇ ನಾಲ್ಕೂ ಕಾಲು ಒಟ್ಟಿಗೆ ಮುಚ್ಚಿ.