ಹದಿನೇಳರಲ್ಲಿ ಒಂಬತ್ತು, ಏಳರ ಲೆಕ್ಕದಲ್ಲಿ

ಹದಿನೇಳು ಜನರಲ್ಲಿ ಒಂಬತ್ತು ಜನರನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? ಶಾಲೆಯಲ್ಲಿ ವಿಕಲ್ಪಗಳ ಪಾಠ ಓದಿದವರಿಗೆ ಇದು ಪರಿಚಿತ ಪ್ರಶ್ನೆ. ಉತ್ತರ 24,310. ಗಣಿತದಲ್ಲಿ ಇದನ್ನು C(17, 9) ಎಂದು ಬರೆಯುತ್ತಾರೆ. (1 + x) ಅನ್ನು ಹದಿನೇಳು ಸಲ ಗುಣಿಸಿ ಬಿಡಿಸಿದಾಗ x ನ ಒಂಬತ್ತನೇ ಘಾತದ ಮುಂದೆ ನಿಲ್ಲುವ ಸಂಖ್ಯೆಯೂ ಇದೇ ಆದ್ದರಿಂದ ಇದಕ್ಕೆ ದ್ವಿಪದ ಸಹಗುಣಕ ಎಂಬ ಹೆಸರಿದೆ. ಇದನ್ನು ಕಂಡುಹಿಡಿಯುವ ಸೂತ್ರ ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಎಲ್ಲ ಸಂಖ್ಯೆಗಳಿಗೂ ಹೊಂದುವಂತೆ ಹೇಳಿದ್ದಾನೆ. ಒಂದು ಸಾಲಿನಲ್ಲಿ ಸಂಖ್ಯೆಗಳು ಇಳಿಯುತ್ತ ಬರಬೇಕು, ಇನ್ನೊಂದರಲ್ಲಿ ಏರುತ್ತ ಹೋಗಬೇಕು; ಒಂದರ ಗುಣಲಬ್ಧವನ್ನು ಇನ್ನೊಂದರ ಗುಣಲಬ್ಧದಿಂದ ಭಾಗಿಸಬೇಕು. ನಮ್ಮ ಲೆಕ್ಕದಲ್ಲಿ ಮೇಲೆ 17, 16, 15 ಎಂದು 9ರವರೆಗೆ, ಕೆಳಗೆ 1, 2, 3 ಎಂದು 9ರವರೆಗೆ.

ಈಗ ಪ್ರಶ್ನೆಯನ್ನು ಕೊಂಚ ಬದಲಿಸೋಣ. ನಮಗೆ ಇಡೀ ಉತ್ತರ ಬೇಡ, ಅದನ್ನು 7ರಿಂದ ಭಾಗಿಸಿದಾಗ ಉಳಿಯುವ ಶೇಷ ಸಾಕು. 24,310 ಚಿಕ್ಕ ಸಂಖ್ಯೆ, ಕೈಯಲ್ಲೇ ಭಾಗಿಸಬಹುದು: 7 × 3,472 = 24,304, ಶೇಷ 6. ಆದರೆ C(1000, 300) ಎಂಬುದರಲ್ಲಿ 260ಕ್ಕೂ ಹೆಚ್ಚು ಅಂಕಿಗಳಿವೆ. ಸಾವಿರದ ಬದಲು ಒಂದರ ಮುಂದೆ ಹದಿನೆಂಟು ಸೊನ್ನೆಗಳ ಸಂಖ್ಯೆಯನ್ನಿಟ್ಟು, ಅದರ ಅರ್ಧದಷ್ಟನ್ನು ಆರಿಸಿ ಎಂದರೆ ಉತ್ತರವನ್ನು ಬರೆದಿಡಲು ಯಾವ ಕಂಪ್ಯೂಟರಿನ ನೆನಪೂ ಸಾಲದು. ಪ್ರೋಗ್ರಾಮಿಂಗ್ ಸ್ಪರ್ಧೆಗಳಲ್ಲಿ ಇಂಥ ಪ್ರಶ್ನೆಗಳು ಸಾಮಾನ್ಯ. ಅಲ್ಲಿ ಕೇಳುವುದೂ ಒಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿದ ಶೇಷವನ್ನಷ್ಟೆ.

ಶೇಷ ಮಾತ್ರ ಸಾಕೆಂದರೆ ಮಹಾವೀರನ ಎರಡು ಸಾಲುಗಳನ್ನು ಪ್ರತಿ ಹೆಜ್ಜೆಯಲ್ಲೂ 7ರಿಂದ ಭಾಗಿಸುತ್ತ, ಶೇಷವನ್ನಷ್ಟೇ ಇಟ್ಟುಕೊಂಡು ಗುಣಿಸುತ್ತ ಹೋದರಾಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ತೊಡಕು ಇರುವುದು ಅಲ್ಲೇ. ಮೇಲಿನ ಸಾಲಿನಲ್ಲಿ 14 ಇದೆ, ಅದರ ಶೇಷ ಸೊನ್ನೆ. ಕೆಳಗಿನ ಸಾಲಿನಲ್ಲಿ 7 ಇದೆ, ಅದರದೂ ಸೊನ್ನೆ. ಒಮ್ಮೆ ಸೊನ್ನೆ ನುಸುಳಿತೆಂದರೆ ಇಡೀ ಗುಣಲಬ್ಧ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಸ್ಥಿತಿಗೆ ಬಂದು ಲೆಕ್ಕ ನಿಂತುಬಿಡುತ್ತದೆ. ನಿಜವಾದ ಉತ್ತರ 6 ಎಂಬುದರ ಸುಳಿವೂ ಅಲ್ಲಿ ಉಳಿದಿರುವುದಿಲ್ಲ.

ಈ ತೊಡಕನ್ನು ದಾಟುವ ದಾರಿಯನ್ನು ಫ್ರಾನ್ಸಿನ ಗಣಿತಜ್ಞ ಎಡ್ವಾರ್ಡ್ ಲೂಕಾಸ್ 1878ರಲ್ಲಿ ಪ್ರಕಟಿಸಿದ. ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಸಾಗಿಸುವ ‘ಹನೋಯ್ ಗೋಪುರ’ದ ಆಟವನ್ನು ಲೋಕಕ್ಕೆ ಕೊಟ್ಟವನೂ ಅವನೇ. ಅವನ ವಿಧಾನದಲ್ಲಿ ಮೊದಲು ಎರಡೂ ಸಂಖ್ಯೆಗಳನ್ನು ಏಳರ ಆಧಾರದಲ್ಲಿ ಬರೆಯಬೇಕು. ನಾವು ದಿನವೂ ಬಳಸುವ ಪದ್ಧತಿಯಲ್ಲಿ ಬಿಡಿ, ಹತ್ತು, ನೂರು ಎಂಬ ಸ್ಥಾನಗಳಿವೆಯಲ್ಲ, ಏಳರ ಪದ್ಧತಿಯಲ್ಲಿ ಅವು ಬಿಡಿ, ಏಳು, ನಲವತ್ತೊಂಬತ್ತು ಆಗುತ್ತವೆ. 17 ಎಂದರೆ ಎರಡು ಏಳು ಮತ್ತು ಮೂರು ಬಿಡಿ. ಅದರ ಅಂಕಿಗಳು 2, 3. 9 ಎಂದರೆ ಒಂದು ಏಳು ಮತ್ತು ಎರಡು ಬಿಡಿ. ಅಂಕಿಗಳು 1, 2. ಈಗ ಸ್ಥಾನಕ್ಕೆ ಸ್ಥಾನ ಹೊಂದಿಸಿ: C(2, 1) = 2, C(3, 2) = 3. ಗುಣಿಸಿದರೆ 6. ಭಾಗಾಕಾರದಿಂದ ಬಂದ ಶೇಷವೂ ಇದೇ.

ನಿಯಮ ಇಷ್ಟೇ. ಆದರೆ ಬಾಯಿಪಾಠ ಮಾಡಿ ಮುಗಿಸಿದರೆ ಅದರ ಸೊಗಸು ಕೈಗೆ ಸಿಕ್ಕುವುದಿಲ್ಲ. ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿದರೆ ಇಡೀ ಸಂಖ್ಯೆಯ ಶೇಷ ಏಕೆ ಬರಬೇಕು? ಇದಕ್ಕೆ ಬೀಜಗಣಿತವಿಲ್ಲದೆ, ಬರೀ ಎಣಿಕೆಯಿಂದಲೇ ಉತ್ತರ ಕೊಡಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಧನೆ ಅದೇ.

ಹದಿನೇಳು ಹುಡುಗಿಯರು ಕೋಲಾಟಕ್ಕೆ ನಿಂತಿದ್ದಾರೆ ಎಂದುಕೊಳ್ಳಿ. ಏಳೇಳು ಜನರ ಎರಡು ವೃತ್ತಗಳು, ಮೂವರು ಹೊರಗೆ. ಇವರಲ್ಲಿ ಒಂಬತ್ತು ಮಂದಿಗೆ ಹೂ ಮುಡಿಸಬೇಕು. ಹೂ ಹಂಚುವ ಬಗೆಗಳು ಒಟ್ಟು 24,310. ಯಾವುದಾದರೊಂದು ಹಂಚಿಕೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಮೊದಲ ವೃತ್ತದ ಕೆಲವರಿಗೆ ಮಾತ್ರ ಹೂ ಸಿಕ್ಕಿದೆ, ಉಳಿದವರಿಗಿಲ್ಲ ಎನ್ನೋಣ. ಆ ವೃತ್ತದಲ್ಲಿ ಹೂವುಗಳನ್ನು ಒಂದೊಂದು ಹೆಜ್ಜೆ ಪಕ್ಕದವಳಿಗೆ ದಾಟಿಸುತ್ತ ಹೋದರೆ ಏಳು ಬೇರೆ ಬೇರೆ ಹಂಚಿಕೆಗಳು ಸಿಗುತ್ತವೆ. ಏಳನೇ ಹೆಜ್ಜೆಗೆ ಮತ್ತೆ ಮೊದಲಿನದೇ ಬರುತ್ತದೆ. ಈ ಏಳನ್ನೂ ಒಂದು ಕಟ್ಟಾಗಿ ಕಟ್ಟಿ ಪಕ್ಕಕ್ಕಿಡಿ. ಮೊದಲ ವೃತ್ತದಲ್ಲಿ ಎಲ್ಲರಿಗೂ ಹೂವಿದ್ದರೆ, ಇಲ್ಲವೇ ಯಾರಿಗೂ ಇಲ್ಲದಿದ್ದರೆ, ಎರಡನೇ ವೃತ್ತವನ್ನು ನೋಡಿ. ಅದು ಅರೆಬರೆಯಾಗಿದ್ದರೆ ಅದನ್ನು ಹಾಗೆಯೇ ತಿರುಗಿಸಿ ಏಳರ ಕಟ್ಟು ಮಾಡಿ. ಏಳೇಳರ ಕಟ್ಟಿಗೆ ಸೇರಿದ ಯಾವುದೂ 7ರಿಂದ ಭಾಗಿಸಿದಾಗ ಶೇಷ ಉಳಿಸುವುದಿಲ್ಲ.

ಹಾಗಾದರೆ ಕಟ್ಟಿಗೆ ಸೇರದೆ ಉಳಿದವು ಯಾವುವು? ಪ್ರತಿ ವೃತ್ತದಲ್ಲೂ ಎಲ್ಲರಿಗೂ ಹೂ, ಇಲ್ಲವೇ ಯಾರಿಗೂ ಇಲ್ಲ ಎಂಬಂಥವು ಮಾತ್ರ. ಅಂಥವನ್ನು ಎಣಿಸುವುದು ಸುಲಭ. ಒಂಬತ್ತು ಹೂವುಗಳಲ್ಲಿ ಏಳು ಒಂದು ಪೂರ್ತಿ ವೃತ್ತಕ್ಕೆ ಹೋಗಬೇಕು, ಎರಡು ಹೊರಗಿನ ಮೂವರಲ್ಲಿ ಇಬ್ಬರಿಗೆ. ಬೇರೆ ದಾರಿಯೇ ಇಲ್ಲ. ಎರಡು ವೃತ್ತಗಳಲ್ಲಿ ಒಂದನ್ನು ಆರಿಸಲು 2 ಬಗೆ, ಮೂವರಲ್ಲಿ ಇಬ್ಬರನ್ನು ಆರಿಸಲು 3 ಬಗೆ, ಒಟ್ಟು 6. ಉಳಿದ 24,304 ಹಂಚಿಕೆಗಳು 3,472 ಕಟ್ಟುಗಳಲ್ಲಿ ಅಡಗಿವೆ. ಏಳರ ಸ್ಥಾನದ ಅಂಕಿ ಎಂದರೆ ವೃತ್ತಗಳ ಎಣಿಕೆ, ಬಿಡಿ ಸ್ಥಾನದ ಅಂಕಿ ಎಂದರೆ ಹೊರಗೆ ನಿಂತವರ ಎಣಿಕೆ.

ಅದೇ ಹದಿನೇಳು ಮಂದಿಯಲ್ಲಿ ಐವರಿಗೆ ಮಾತ್ರ ಹೂ ಎಂದರೆ? 5ರ ಅಂಕಿಗಳು 0, 5. ಬಿಡಿ ಸ್ಥಾನದಲ್ಲಿ ಮೂವರಲ್ಲಿ ಐವರನ್ನು ಆರಿಸಬೇಕಾಗಿ ಬರುತ್ತದೆ, ಅದು ಆಗದ ಮಾತು. ಹಾಗಾಗಿ C(3, 5) ಸೊನ್ನೆ, ಶೇಷವೂ ಸೊನ್ನೆ. ಕೋಲಾಟದಲ್ಲೂ ಹಾಗೆಯೇ: ಐದು ಹೂವಿನಿಂದ ಯಾವ ವೃತ್ತವೂ ತುಂಬದು, ಹೊರಗೆ ಇರುವವರು ಮೂವರೇ, ಆದ್ದರಿಂದ ಪ್ರತಿ ಹಂಚಿಕೆಯೂ ಯಾವುದೋ ಒಂದು ಕಟ್ಟಿಗೆ ಸೇರಲೇಬೇಕು. C(17, 5) = 6,188 = 7 × 884. ಲೂಕಾಸನಿಗಿಂತ ಮೊದಲೇ, 1852ರಲ್ಲಿ, ಜರ್ಮನಿಯ ಎರ್ನ್ಸ್ಟ್ ಕುಮ್ಮರ್ ಇದರ ಇನ್ನೊಂದು ಮುಖವನ್ನು ಕಂಡಿದ್ದ. 5 ಮತ್ತು 12ನ್ನು ಏಳರ ಪದ್ಧತಿಯಲ್ಲಿ ಕೂಡಿ. ಎಷ್ಟು ಸಲ ದಶಕ ಬರುತ್ತದೋ ಅಷ್ಟು ಸಲ 7 ಆ ಸಹಗುಣಕವನ್ನು ಭಾಗಿಸುತ್ತದೆ. ಇಲ್ಲಿ ಬಿಡಿ ಸ್ಥಾನದಲ್ಲಿ ಐದಕ್ಕೆ ಐದು ಕೂಡಿದಾಗ ಒಂದು ದಶಕ, ಆಮೇಲೆ ಇಲ್ಲ. 6,188 ಅನ್ನು 7 ಒಂದೇ ಸಲ ಭಾಗಿಸುತ್ತದೆ. 884 ಮತ್ತೆ 7ಕ್ಕೆ ಬಗ್ಗುವುದಿಲ್ಲ.

ದೊಡ್ಡ ಸಂಖ್ಯೆಗೂ ಇದೇ ದಾರಿ, ಮತ್ತೆ ಮತ್ತೆ ನಡೆಯಬೇಕು ಅಷ್ಟೆ. C(1000, 300) ಅನ್ನು 13ರಿಂದ ಭಾಗಿಸಿದ ಶೇಷ ಬೇಕು ಎನ್ನಿ. ಸಾವಿರ ಜನರಿಂದ ಹದಿಮೂರರ 76 ವೃತ್ತಗಳಾಗುತ್ತವೆ, 12 ಜನ ಹೊರಗೆ. ಮುನ್ನೂರರಲ್ಲಿ 23 ಹದಿಮೂರುಗಳು, 1 ಬಿಡಿ. ಈಗ 76 ವೃತ್ತಗಳಲ್ಲಿ 23ನ್ನು ಆರಿಸುವ ಲೆಕ್ಕ ಉಳಿಯಿತು. ಒಂದೊಂದು ವೃತ್ತವನ್ನೂ ಒಬ್ಬ ವ್ಯಕ್ತಿಯೆಂದು ಎಣಿಸಿ ಮತ್ತೆ ಹದಿಮೂರರಂತೆ ಗುಂಪು ಮಾಡಿದರೆ 76 ಎಂದರೆ 5 ಗುಂಪು ಮತ್ತು 11, 23 ಎಂದರೆ 1 ಗುಂಪು ಮತ್ತು 10. ಅಲ್ಲಿಗೆ C(5, 1), C(11, 10), C(12, 1), ಅಂದರೆ 5 × 11 × 12 = 660. 13 × 50 = 650, ಶೇಷ 10. ಇನ್ನೂರರವತ್ತು ಅಂಕಿಗಳ ಸಂಖ್ಯೆಯನ್ನು ಕಣ್ಣಿನಿಂದಲೂ ನೋಡದೆ ಅದರ ಶೇಷ ಹೇಳಿದಂತಾಯಿತು. ಒಂದರ ಮುಂದೆ ಹದಿನೆಂಟು ಸೊನ್ನೆಗಳ ಸಂಖ್ಯೆಯೂ ಹದಿಮೂರರ ಪದ್ಧತಿಯಲ್ಲಿ 17 ಅಂಕಿಗಳಿಗೆ ಮುಗಿಯುತ್ತದೆ.

ಪೈಥಾನ್‌ನಲ್ಲಿ ಬರೆದರೆ ಇಷ್ಟೇ:

```python
from math import comb

def lucas(n, k, p):
    r = 1
    while n or k:
        a, b = n % p, k % p
        if b > a:
            return 0
        r = r * comb(a, b) % p
        n, k = n // p, k // p
    return r
```

p ಕೊಂಚ ದೊಡ್ಡದಾದರೆ, ಉದಾಹರಣೆಗೆ ಲಕ್ಷದ ಹತ್ತಿರವಿದ್ದರೆ, ಪ್ರತಿ ಸಲ comb ಕರೆಯುವ ಬದಲು p−1ರವರೆಗಿನ ಫ್ಯಾಕ್ಟೋರಿಯಲ್‌ಗಳ ಶೇಷಗಳನ್ನು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳುತ್ತಾರೆ. ಅಂಕಿಗಳು p ಗಿಂತ ಚಿಕ್ಕವಾದ್ದರಿಂದ ಆ ಪಟ್ಟಿಯೊಳಗೆ ಸೊನ್ನೆ ಬರುವ ಭಯವಿಲ್ಲ. ಆದರೆ b > a ಎಂಬ ಪರೀಕ್ಷೆಯನ್ನು ಬಿಟ್ಟರೆ ಪೈಥಾನ್ ಪಟ್ಟಿಯ ಋಣಾತ್ಮಕ ಸ್ಥಾನವನ್ನು ಕೊನೆಯಿಂದ ಎಣಿಸಿ ಯಾವುದೋ ಸಂಖ್ಯೆಯನ್ನು ಸದ್ದಿಲ್ಲದೆ ಕೊಡುತ್ತದೆ. ಇನ್ನೊಂದು ತಪ್ಪು ಇನ್ನೂ ಮೋಸದ್ದು. ಫರ್ಮಾನ ಸೂತ್ರದಂತೆ ಭಾಗಾಕಾರದ ಬದಲು p−2ನೇ ಘಾತದಿಂದ ಗುಣಿಸುವುದು ರೂಢಿ. 17ರ ಫ್ಯಾಕ್ಟೋರಿಯಲ್‌ಗೆ ನೇರವಾಗಿ ಅದನ್ನು ಹಚ್ಚಿದರೆ ಸೊನ್ನೆಯ ಐದನೇ ಘಾತ ಸೊನ್ನೆಯೇ ಆದ್ದರಿಂದ ದೋಷದ ಸೂಚನೆಯೇನೂ ಬಾರದೆ ಉತ್ತರ 0 ಎಂದು ಬರುತ್ತದೆ. ಪತ್ತೆ ಹಚ್ಚಲು p ಗಿಂತ ದೊಡ್ಡದಾದ, ಕೈಗೆ ಸಿಗುವಷ್ಟು ಚಿಕ್ಕ ಉದಾಹರಣೆಗಳನ್ನು ಕೊಟ್ಟು ನೋಡಬೇಕು: lucas(17, 9, 7) ಮತ್ತು comb(17, 9) % 7 ಎರಡೂ 6 ಕೊಡಬೇಕು. n, p ಗಿಂತ ಚಿಕ್ಕದಾಗಿದ್ದರೆ ಇರುವುದು ಒಂದೇ ಅಂಕಿ. ಆಗ ಈ ವಿಧಾನದಿಂದ ಲಾಭವೂ ಇಲ್ಲ, ತಪ್ಪು ಬಯಲಾಗುವುದೂ ಇಲ್ಲ.

ಅವಿಭಾಜ್ಯವೇ ಏಕೆ ಬೇಕು ಎಂಬುದಕ್ಕೂ ಕೋಲಾಟದಲ್ಲೇ ಉತ್ತರವಿದೆ. ನಾಲ್ವರ ವೃತ್ತದಲ್ಲಿ ಇಬ್ಬರಿಗೆ ಹೂ ಮುಡಿಸಿ. ಅಕ್ಕಪಕ್ಕದವರಿಗೆ ಮುಡಿಸಿದರೆ ತಿರುಗಿಸಿದಾಗ ನಾಲ್ಕು ಹಂಚಿಕೆಗಳು ಸಿಗುತ್ತವೆ. ಎದುರುಬದುರಿನವರಿಗೆ ಮುಡಿಸಿದರೆ ಎರಡನೇ ಹೆಜ್ಜೆಗೇ ಮೊದಲಿನದು ಮರಳುತ್ತದೆ, ಸಿಗುವುದು ಎರಡೇ. C(4, 2) = 6, ನಾಲ್ಕರಿಂದ ಭಾಗಿಸಿದರೆ ಶೇಷ 2. ಅಂಕಿಗಳ ವಿಧಾನ ಹೇಳುವುದು ಸೊನ್ನೆ. ಏಳು ಮಂದಿಯ ವೃತ್ತದಲ್ಲಿ ಹೀಗೆ ನಡುದಾರಿಯಲ್ಲಿ ಮರಳುವ ಹಂಚಿಕೆ ಇರಲಾರದು, ಏಕೆಂದರೆ ಏಳನ್ನು ಸಮಭಾಗಗಳಾಗಿ ಒಡೆಯಲು ಬರುವುದಿಲ್ಲ.

ಭಾಜಕ 35ರಂತೆ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾಗಿದ್ದರೆ ಒಂದೊಂದಕ್ಕೂ ಲೆಕ್ಕ ಮಾಡಿ ಜೋಡಿಸಬಹುದು. C(17, 9)ಗೆ 7ರಲ್ಲಿ ಶೇಷ 6. ಐದರ ಪದ್ಧತಿಯಲ್ಲಿ 17 ಎಂದರೆ 3, 2. 9 ಎಂದರೆ 1, 4. ಎರಡರಲ್ಲಿ ನಾಲ್ಕನ್ನು ಆರಿಸಲಾಗದು, ಶೇಷ 0. ಐದರಿಂದ ಪೂರ್ತಿ ಭಾಗವಾಗುವ, ಏಳರಿಂದ ಭಾಗಿಸಿದರೆ 6 ಉಳಿಯುವ, 35ಕ್ಕಿಂತ ಚಿಕ್ಕ ಸಂಖ್ಯೆ 20 ಒಂದೇ. 24,310ರಲ್ಲಿ 35 × 694 ಕಳೆದರೆ ಉಳಿಯುವುದೂ 20. ಭಾಜಕ 9 ಅಥವಾ 49ರಂತೆ ಒಂದೇ ಅವಿಭಾಜ್ಯದ ಘಾತವಾಗಿದ್ದರೆ ಮಾತ್ರ ಈ ಜೋಡಣೆ ಸಾಲದು. ಅಲ್ಲಿ ಅಕ್ಕಪಕ್ಕದ ಅಂಕಿಗಳನ್ನು ಒಟ್ಟಿಗೆ ಹಿಡಿದು, ದಶಕಗಳ ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ. ಅಂಥ ನಿಯಮವನ್ನು ಆಂಡ್ರ್ಯೂ ಗ್ರ್ಯಾನ್‌ವಿಲ್ 1997ರ ಪ್ರಬಂಧವೊಂದರಲ್ಲಿ ಕೊಟ್ಟಿದ್ದಾರೆ.